ಮುಟ್ಟು ತಪ್ಪಿದೆ, ಕೆಳಹೊಟ್ಟೆ ನೋವಿದೆ: ಡಾಕ್ಟರ್ ಮೊದಲು ‘ಟ್ಯೂಬ್ ಗರ್ಭ’ದ ಬಗ್ಗೆ ಯಾಕೆ ಯೋಚಿಸ್ತಾರೆ?

ಬೆಳಗ್ಗೆ ಹನ್ನೊಂದರ ಹೊತ್ತು. ತಾಲ್ಲೂಕು ಕೇಂದ್ರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ 29 ವರ್ಷದ ಮಹಿಳೆ ಸೀರೆ ಕಟ್ಟು ಎತ್ತಿಡಲು ಹೋಗಿ, ಹೊಟ್ಟೆ ಹಿಡಿದುಕೊಂಡು ಸ್ಟೂಲ್ ಮೇಲೆ ಕೂತುಬಿಟ್ಟರು. ಎರಡು ದಿನದಿಂದ ಬಲಗಡೆ ಕೆಳಹೊಟ್ಟೆ ನೋಯುತ್ತಿತ್ತು. ಉಷ್ಣ ಆಗಿರಬೇಕು ಅಂತ ಮನೆಯಲ್ಲಿ ಜೀರಿಗೆ ಕಷಾಯ ಕುಡಿದಿದ್ದರು. ಗ್ಯಾಸ್ಟ್ರಿಕ್ ಇರಬೇಕು ಅಂತ ಮೆಡಿಕಲ್ ಶಾಪ್‌ನಿಂದ ಮಾತ್ರೆ ತರಿಸಿ ನುಂಗಿದ್ದರು. ಅಂಗಡಿ ಮಾಲೀಕರ ಹೆಂಡತಿಗೆ ಅವರ ಮುಖ ನೋಡಿಯೇ ಗಾಬರಿಯಾಯಿತು. ‘ಯಾಕಮ್ಮ, ಮುಖ ಎಲ್ಲಾ ಬಿಳಿಚಿಕೊಂಡಿದೆ? ನಡಿ, ಡಾಕ್ಟರ್ ಹತ್ರ ಹೋಗೋಣ’ ಅಂತ ಆಟೊ ಹತ್ತಿಸಿದರು.

ಕ್ಲಿನಿಕ್‌ನಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಊಟದ ಬಗ್ಗೆ ಅಲ್ಲ. ‘ಕೊನೆ ಸಲ ಸರಿಯಾಗಿ ಮುಟ್ಟಾಗಿದ್ದು ಯಾವಾಗ?’ ಅಂತ ಕೇಳಿದರು.

‘ಹೋದ ವಾರ ಸ್ವಲ್ಪ ಆಯ್ತು ಮೇಡಂ. ಆದ್ರೆ ಈ ಸಲ ಲೇಟು, ಹನ್ನೆರಡು ದಿನ ತಡ ಆಗಿ ಬಂತು. ಯಾವಾಗಲೂ ಆಗೋ ಹಾಗೆ ಆಗಲಿಲ್ಲ. ಕಪ್ಪಗೆ, ಸ್ವಲ್ಪ ಸ್ವಲ್ಪ.’

‘ಮೂತ್ರ ಪರೀಕ್ಷೆ ಮಾಡೋಣ. ಬಸಿರಾಗಿದ್ದೀರೋ ನೋಡಬೇಕು.’

‘ಅಯ್ಯೋ, ನಂಗೆ ಆಪರೇಷನ್ ಆಗಿ ನಾಲ್ಕು ವರ್ಷ ಆಯ್ತು ಮೇಡಂ!’

‘ಆಗಿದ್ರೂ ಮಾಡೋಣ.’

ಐದು ನಿಮಿಷದಲ್ಲಿ ಕಿಟ್ ಮೇಲೆ ಎರಡು ಗೆರೆ ಮೂಡಿದವು.

ಇದು ಯಾವುದೋ ಒಬ್ಬ ಮಹಿಳೆಯ ಕಥೆ ಅಲ್ಲ. ಸ್ತ್ರೀರೋಗ ತಜ್ಞರು ಆಗಾಗ ನೋಡುವ ಪ್ರಕರಣಗಳ ಲಕ್ಷಣಗಳನ್ನೆಲ್ಲ ಸೇರಿಸಿ ಕಟ್ಟಿದ ಉದಾಹರಣೆ. ಮುಂದೆ ಅವರಿಗೆ ಏನಾಯಿತು ಅನ್ನುವುದಕ್ಕೆ ಮೊದಲು, ಆ ಎರಡು ಗೆರೆ ಕಂಡ ಕೂಡಲೇ ಡಾಕ್ಟರ್ ಯಾಕೆ ಬೇರೆ ರೋಗಿಗಳನ್ನು ಬಿಟ್ಟು ಫೋನ್ ಎತ್ತಿಕೊಂಡರು ಅನ್ನೋದನ್ನು ತಿಳಿಯಬೇಕು.

ಗರ್ಭ ನಿಲ್ಲಬಾರದ ಜಾಗದಲ್ಲಿ ನಿಂತರೆ

ಗರ್ಭಕೋಶದ ಎರಡೂ ಬದಿಗೆ ಒಂದೊಂದು ನಾಳ ಇರುತ್ತದೆ. ಡಾಕ್ಟರುಗಳು ಟ್ಯೂಬ್ ಅನ್ನುವುದು ಇದನ್ನೇ. ಉದ್ದ ಸುಮಾರು ಹತ್ತು ಸೆಂಟಿಮೀಟರ್. ಒಳಗಿನ ದಾರಿ ಕೆಲವು ಕಡೆ ಒಂದು ಮಿಲಿಮೀಟರ್‌ನಷ್ಟೇ ಅಗಲ. ಅಂಡಾಶಯದಿಂದ ಹೊರಟ ಅಂಡ ಈ ನಾಳದೊಳಗೇ ವೀರ್ಯಾಣುವನ್ನು ಸೇರುತ್ತದೆ. ಹಾಗೆ ಕೂಡಿದ ಭ್ರೂಣವನ್ನು ನಾಳದ ಒಳಗಿರುವ ಕೂದಲಿನಂಥ ಸಣ್ಣ ಎಳೆಗಳು ಮೆಲ್ಲಗೆ ತಳ್ಳಿಕೊಂಡು ಹೋಗಿ, ಮೂರ್ನಾಲ್ಕು ದಿನದಲ್ಲಿ ಗರ್ಭಕೋಶಕ್ಕೆ ಮುಟ್ಟಿಸುತ್ತವೆ.

ಈ ದಾರಿಯಲ್ಲಿ ಎಲ್ಲೋ ತಡೆ ಆದರೆ ಭ್ರೂಣ ನಾಳದಲ್ಲೇ ಸಿಕ್ಕಿಕೊಂಡು ಅಲ್ಲೇ ಬೇರು ಬಿಡುತ್ತದೆ. ಇದೇ ಎಕ್ಟೋಪಿಕ್ ಪ್ರೆಗ್ನೆನ್ಸಿ, ಅಂದರೆ ಗರ್ಭಕೋಶದ ಹೊರಗೆ ನಿಂತ ಗರ್ಭ. ಇಂಥ ನೂರು ಪ್ರಕರಣಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಟ್ಯೂಬ್‌ನಲ್ಲೇ ಆಗುವುದರಿಂದ ‘ಟ್ಯೂಬ್‌ನಲ್ಲಿ ಗರ್ಭ ನಿಂತಿದೆ’ ಅಂತ ಹೇಳುವುದು ರೂಢಿ. ಒಟ್ಟು ಬಸಿರುಗಳಲ್ಲಿ ನೂರಕ್ಕೆ ಒಂದೆರಡು ಹೀಗಾಗುತ್ತವೆ.

ಗರ್ಭಕೋಶದ ಗೋಡೆ ದಪ್ಪ, ಬಲವಾದ ಮಾಂಸ. ಮಗು ಬೆಳೆದಂತೆ ಅದೂ ಹಿಗ್ಗುತ್ತದೆ. ಟ್ಯೂಬ್‌ಗೆ ಆ ಶಕ್ತಿ ಇಲ್ಲ. ಗರ್ಭದ ಬೇರುಗಳು ಅದರ ತೆಳ್ಳನೆ ಗೋಡೆಯನ್ನು ಕೊರೆದು ರಕ್ತನಾಳಗಳಿಗೇ ಇಳಿಯುತ್ತವೆ. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಆರರಿಂದ ಎಂಟನೇ ವಾರದ ಹೊತ್ತಿಗೆ ನೋವು, ರಕ್ತಸ್ರಾವ ಶುರುವಾಗುವುದು ಸಾಮಾನ್ಯ. ಟ್ಯೂಬ್ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ. ಅದು ತಾನಾಗಿ ನಿಲ್ಲುತ್ತದೆ ಅಂತ ನಂಬಿ ಕೂರುವಂತಿಲ್ಲ.

ಅಂಗಡಿಯ ಆ ಮಹಿಳೆಯ ಲೆಕ್ಕ ನೋಡಿ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರು. ಹಿಂದಿನ ಸರಿಯಾದ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಅಂದು 47ನೇ ದಿನ. ಅಂದರೆ ಆರು ವಾರ, ಐದು ದಿನ. ಅಪಾಯದ ಅವಧಿಯ ನಟ್ಟನಡುವೆ ಇದ್ದರು.

ಬೇರೆ ಕಾರಣಗಳೇ ಜಾಸ್ತಿ, ಆದರೂ ಇದೇ ಮೊದಲು

ಕೆಳಹೊಟ್ಟೆ ನೋವಿಗೆ ಕಾರಣ ಹತ್ತಾರು. ಅಪೆಂಡಿಕ್ಸ್ ಇರಬಹುದು, ಮೂತ್ರದ ಸೋಂಕು ಇರಬಹುದು, ಕಲ್ಲು ಇರಬಹುದು. ಅಂಡಾಶಯದಲ್ಲಿ ನೀರುಗುಳ್ಳೆ ಒಡೆದಿರಬಹುದು ಅಥವಾ ತಿರುಚಿಕೊಂಡಿರಬಹುದು. ಗರ್ಭಕೋಶದಲ್ಲೇ ಸರಿಯಾಗಿ ನಿಂತ ಬಸಿರಿನಲ್ಲೂ ಮೊದಲ ವಾರಗಳಲ್ಲಿ ಸಣ್ಣಗೆ ನೋವು ಬರುವುದುಂಟು. ಮುಟ್ಟು ತಪ್ಪಿ ಹೊಟ್ಟೆನೋವು ಅಂತ ಬರುವ ಹೆಚ್ಚಿನವರಿಗೆ ಕೊನೆಗೆ ಟ್ಯೂಬ್ ಗರ್ಭ ಇರುವುದಿಲ್ಲ. ಹಾಗಾಗಿ ಈ ಲೇಖನ ಓದಿ ಯಾರೂ ಎದೆಗೆಡಬೇಕಾಗಿಲ್ಲ.

ಆದರೆ ಡಾಕ್ಟರ್ ಯೋಚಿಸುವ ಕ್ರಮ ಬೇರೆ. ‘ಯಾವುದು ಹೆಚ್ಚು ಜನಕ್ಕೆ ಬರುತ್ತೆ?’ ಅನ್ನೋದು ಅವರ ಎರಡನೇ ಪ್ರಶ್ನೆ. ‘ಯಾವುದನ್ನು ಬಿಟ್ಟರೆ ಇವತ್ತು ಸಾಯಂಕಾಲದೊಳಗೆ ಜೀವ ಹೋಗಬಹುದು?’ ಅನ್ನೋದು ಮೊದಲನೆಯದು. ಮೂತ್ರದ ಸೋಂಕನ್ನು ಒಂದು ದಿನ ತಡವಾಗಿ ಕಂಡುಹಿಡಿದರೆ ಜ್ವರ ಜಾಸ್ತಿಯಾದೀತು. ಟ್ಯೂಬ್ ಒಡೆದದ್ದನ್ನು ಕೆಲವು ಗಂಟೆ ತಡವಾಗಿ ಕಂಡುಹಿಡಿದರೆ ಆಪರೇಷನ್ ಟೇಬಲ್‌ವರೆಗೆ ತಲುಪುವುದೇ ಕಷ್ಟ. ಇನ್ನೊಂದು ಕಡೆ, ಇದನ್ನು ತಳ್ಳಿಹಾಕಲು ಬೇಕಾದ ಮೊದಲ ಪರೀಕ್ಷೆ ಅತಿ ಅಗ್ಗದ್ದು. ಮೂರು ಹನಿ ಮೂತ್ರ, ಐದು ನಿಮಿಷ. ಆಶಾ ಕಾರ್ಯಕರ್ತೆಯರ ಮೂಲಕ ಸರ್ಕಾರ ಕೊಡುವ ‘ನಿಶ್ಚಯ್’ ಕಿಟ್ ಕೂಡ ಇದೇ ಪರೀಕ್ಷೆಯದ್ದು.

ನೆಗೆಟಿವ್ ಬಂದರೆ ಟ್ಯೂಬ್ ಗರ್ಭದ ಸಾಧ್ಯತೆ ತೀರಾ ಕಡಿಮೆ ಅಂತ ತಿಳಿದು ಡಾಕ್ಟರ್ ಬೇರೆ ಕಾರಣ ಹುಡುಕುತ್ತಾರೆ. ಬಹಳ ನೀರು ಕುಡಿದು ಮೂತ್ರ ತೆಳ್ಳಗಾಗಿದ್ದರೆ ಅಪರೂಪಕ್ಕೆ ತಪ್ಪು ಉತ್ತರ ಬರಬಹುದು. ಸಂಶಯ ಉಳಿದರೆ ರಕ್ತದಲ್ಲಿ ನೋಡುತ್ತಾರೆ. ಪಾಸಿಟಿವ್ ಬಂದರೆ ಮುಂದಿನ ಪ್ರಶ್ನೆ ಒಂದೇ: ಗರ್ಭ ಎಲ್ಲಿದೆ? ಅದು ಗರ್ಭಕೋಶದೊಳಗೆ ಕಣ್ಣಿಗೆ ಕಾಣುವವರೆಗೂ ‘ಟ್ಯೂಬ್‌ನಲ್ಲಿ ಇರಬಹುದು’ ಅಂತಲೇ ನಡೆದುಕೊಳ್ಳಬೇಕು ಅನ್ನೋದು ನಿಯಮ.

‘ಹಾಗಾಗೋಕೆ ಸಾಧ್ಯವೇ ಇಲ್ಲ’ ಅನ್ನುವ ಮಾತು

ಟ್ಯೂಬ್ ಗರ್ಭ ತಡವಾಗಿ ಪತ್ತೆಯಾಗುವುದಕ್ಕೆ ದೊಡ್ಡ ಕಾರಣ ರೋಗಿ, ಮನೆಯವರು, ಕೆಲವೊಮ್ಮೆ ಡಾಕ್ಟರ್ ಕೂಡ ‘ಇವರು ಬಸಿರಾಗಿರೋಕೆ ಸಾಧ್ಯ ಇಲ್ಲ’ ಅಂತ ಮೊದಲೇ ತೀರ್ಮಾನ ಮಾಡಿಬಿಡುವುದು.

ಮಕ್ಕಳಾಗದಂತೆ ಆಪರೇಷನ್ ಆಗಿದೆ ಅನ್ನುವುದು ಇದರಲ್ಲಿ ಮೊದಲನೆಯದು. ನಮ್ಮ ಹಳ್ಳಿ, ಪೇಟೆಗಳಲ್ಲಿ ಎರಡು ಮಕ್ಕಳಾದ ಮೇಲೆ ಟ್ಯುಬೆಕ್ಟಮಿ ಮಾಡಿಸಿಕೊಂಡವರೇ ಹೆಚ್ಚು. ಆಪರೇಷನ್ ಆದಮೇಲೆ ಬಸಿರಾಗುವುದು ಬಹಳ ಅಪರೂಪ, ಅದು ನಿಜ. ಆದರೆ ಕಟ್ಟಿದ ಟ್ಯೂಬ್‌ನಲ್ಲಿ ವರ್ಷಗಳ ನಂತರ ಸಣ್ಣ ದಾರಿ ಮೂಡಿದರೆ ವೀರ್ಯಾಣು ನುಸುಳಿ ಹೋಗಬಲ್ಲದು, ಅದಕ್ಕಿಂತ ಎಷ್ಟೋ ದೊಡ್ಡದಾದ ಭ್ರೂಣಕ್ಕೆ ವಾಪಸ್ ಬರಲು ಆಗುವುದಿಲ್ಲ. ಅದಕ್ಕೇ ಆಪರೇಷನ್ ನಂತರ ಬಸಿರು ನಿಂತರೆ ಅದು ಟ್ಯೂಬ್‌ನಲ್ಲಿರುವ ಸಾಧ್ಯತೆ ಬೇರೆಯವರಿಗಿಂತ ಬಹಳ ಜಾಸ್ತಿ. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ನಂತರ ನಿಂತ ಬಸಿರುಗಳಲ್ಲಿ ಸುಮಾರು ಮೂರಕ್ಕೆ ಒಂದು ಹೊರಗರ್ಭವೇ ಆಗಿತ್ತು. ‘ಆಪರೇಷನ್ ಆಗಿದೆ’ ಅಂತ ರೋಗಿ ಹೇಳಿದರೆ ಡಾಕ್ಟರ್ ನಿಶ್ಚಿಂತರಾಗುವ ಬದಲು ಇನ್ನೂ ಎಚ್ಚರವಾಗುವುದು ಈ ಕಾರಣಕ್ಕೆ. ಕಾಪರ್-ಟಿ ಹಾಕಿಸಿಕೊಂಡವರ ಲೆಕ್ಕವೂ ಹೀಗೇ. ಬಸಿರಾಗುವುದು ಅಪರೂಪ, ಆದರೆ ಆಯಿತು ಅಂದರೆ ಅದು ಎಲ್ಲಿದೆ ಅಂತ ಕೂಡಲೇ ನೋಡಲೇಬೇಕು.

ಎರಡನೆಯದು, ‘ಮುಟ್ಟಾಗಿದೆಯಲ್ಲ’ ಅನ್ನುವುದು. ಗರ್ಭ ಟ್ಯೂಬ್‌ನಲ್ಲಿದ್ದರೂ ಗರ್ಭಕೋಶ ತನ್ನ ಒಳಪದರವನ್ನು ದಪ್ಪ ಮಾಡಿಕೊಂಡು ಕಾಯುತ್ತಿರುತ್ತದೆ. ಟ್ಯೂಬ್‌ನ ಗರ್ಭ ಸೊರಗಿ ಹಾರ್ಮೋನ್ ಕಡಿಮೆಯಾದಾಗ ಆ ಪದರ ಉದುರಿ ರಕ್ತ ಹೋಗುತ್ತದೆ. ತಡವಾಗಿ ಬಂದ ಮುಟ್ಟಿನ ಹಾಗೇ ಕಾಣುತ್ತದೆ. ವ್ಯತ್ಯಾಸ ಇರುವುದು ಲಕ್ಷಣದಲ್ಲಿ: ದಿನ ತಪ್ಪಿ ಬಂದಿರುತ್ತದೆ, ಕಮ್ಮಿ ಇರುತ್ತದೆ, ಕಪ್ಪು ಅಥವಾ ಕಂದು ಬಣ್ಣ ಇರುತ್ತದೆ, ನಿಂತು ನಿಂತು ಹೋಗುತ್ತದೆ. ಅದಕ್ಕೇ ಡಾಕ್ಟರ್ ‘ಮುಟ್ಟಾಗಿದ್ದು ಯಾವಾಗ’ ಅಂತ ಅಷ್ಟೇ ಕೇಳದೆ ‘ಸರಿಯಾಗಿ’ ಅನ್ನುವ ಪದ ಸೇರಿಸಿದ್ದು.

ಮೂರನೆಯದು ಹೇಳಿಕೊಳ್ಳಲಾಗದ ಸಂಕೋಚ. ಮದುವೆಯಾಗದ ಹುಡುಗಿ, ಗಂಡ ದೂರದ ಊರಿನಲ್ಲಿರುವ ಹೆಂಗಸು, ಗಂಡ ತೀರಿಹೋದವರು, ಅತ್ತೆಯ ಜೊತೆ ಬಂದ ಸೊಸೆ, ಇವರೆಲ್ಲ ಬೇರೆಯವರ ಎದುರು ಬಾಯಿ ಬಿಡುವುದು ಕಷ್ಟ. ಅದಕ್ಕೇ ತಿಳಿದ ಡಾಕ್ಟರ್ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಕೇಳುತ್ತಾರೆ. ಏನೂ ಹೇಳದಿದ್ದರೂ ಪರೀಕ್ಷೆ ಮಾಡಿಸುತ್ತಾರೆ. ಹೊಟ್ಟೆನೋವಿಗೆ ಬಂದ ಹೆರುವ ವಯಸ್ಸಿನ ಪ್ರತಿಯೊಬ್ಬರಿಗೂ ಮಾಡುವ ಪರೀಕ್ಷೆ ಅದು. ಯಾರ ನಡತೆಯ ಬಗ್ಗೆಯೂ ಅನುಮಾನ ಅಲ್ಲ. ಮನೆಯವರು ಅದನ್ನು ಅವಮಾನ ಅಂದುಕೊಂಡು ಜಗಳಕ್ಕೆ ನಿಂತರೆ ಹೋಗುವುದು ರೋಗಿಯ ಸಮಯ.

ಯಾರಿಗೆ ಅಪಾಯ ಹೆಚ್ಚು ಅಂತ ಕೇಳಿದರೆ, ಮೊದಲೊಮ್ಮೆ ಟ್ಯೂಬ್ ಗರ್ಭ ಆದವರು, ಟ್ಯೂಬ್‌ಗೆ ಸೋಂಕು ಅಥವಾ ಕ್ಷಯ ತಗುಲಿದವರು, ಹೊಟ್ಟೆಯ ಕೆಳಭಾಗದಲ್ಲಿ ಆಪರೇಷನ್ ಆದವರು, ಮಕ್ಕಳಿಗಾಗಿ ಚಿಕಿತ್ಸೆ ತೆಗೆದುಕೊಂಡವರು. ಆದರೆ ಟ್ಯೂಬ್ ಗರ್ಭ ಆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಂಥ ಯಾವ ಹಿನ್ನೆಲೆಯೂ ಇರುವುದಿಲ್ಲ. ‘ನಂಗೆ ಅಂಥದ್ದೇನೂ ಇಲ್ಲ’ ಅನ್ನುವುದು ಪರೀಕ್ಷೆ ಬಿಡಲು ಕಾರಣ ಆಗುವುದಿಲ್ಲ.

ಬಿಪಿ ಚೆನ್ನಾಗಿದೆ, ಆದರೂ ಯಾಕೆ ಆತುರ?

ಕ್ಲಿನಿಕ್‌ನಲ್ಲಿ ಆ ಮಹಿಳೆಯ ಬಿಪಿ 110/70 ಇತ್ತು. ಪಲ್ಸ್ ನಿಮಿಷಕ್ಕೆ 108. ‘ಬಿಪಿ ನಾರ್ಮಲ್ ಇದೆ ಅಲ್ವಾ, ಮಧ್ಯಾಹ್ನ ಅಂಗಡಿ ಮುಗಿಸಿ ಗಂಡನ್ನ ಕರ್ಕೊಂಡು ದೊಡ್ಡಾಸ್ಪತ್ರೆಗೆ ಹೋಗ್ತಾರೆ ಬಿಡಿ’ ಅಂತ ಜೊತೆಗೆ ಬಂದವರು ಹೇಳಿದರು. ಡಾಕ್ಟರ್ ಒಪ್ಪಲಿಲ್ಲ.

50 ಕೆ.ಜಿ. ತೂಕದ ಹೆಂಗಸಿನ ಮೈಯಲ್ಲಿ ಸುಮಾರು ಮೂರೂವರೆ ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಅರ್ಧ ಲೀಟರ್ ಹೋದರೂ ಹೊರಗೆ ಹೆಚ್ಚೇನೂ ಗೊತ್ತಾಗದೇ ಇರಬಹುದು. ಅದಕ್ಕಿಂತ ಹೆಚ್ಚು ಹೋಗುತ್ತಿದ್ದಂತೆ ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡಿ, ಎದೆಬಡಿತ ಜೋರು ಮಾಡಿ ಬಿಪಿಯನ್ನು ಹಿಡಿದಿಡುತ್ತದೆ. ಹತ್ತಿರ ಹತ್ತಿರ ಒಂದು ಲೀಟರ್ ಹೋಗುವವರೆಗೂ ವಯಸ್ಸಿನ, ಗಟ್ಟಿಮುಟ್ಟಾದ ಹೆಂಗಸಿನ ಬಿಪಿ ಹೀಗೆ ನಿಂತಿರಬಹುದು. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಬಿಪಿ ಇಳಿಯುವುದನ್ನು ಕಾಯುವುದು ಅಂದರೆ ಬಾವಿಯ ತಳ ಕಾಣುವವರೆಗೂ ಪಂಪ್ ಓಡಿಸಿದ ಹಾಗೆ.

ಹಿಮೋಗ್ಲೋಬಿನ್ ವರದಿಯೂ ಇದೇ ರೀತಿ ದಾರಿ ತಪ್ಪಿಸುತ್ತದೆ. ರಕ್ತ ಹೋಗುವಾಗ ನೀರಿನಂಶ, ಕೆಂಪುಕಣ ಎರಡೂ ಒಟ್ಟಿಗೆ ಹೋಗುವುದರಿಂದ, ಉಳಿದ ರಕ್ತದಲ್ಲಿ ಅಳೆದರೆ ಅಂಕಿ ಮೊದಲ ಕೆಲವು ಗಂಟೆ ಹೆಚ್ಚು ಬದಲಾಗಿರುವುದಿಲ್ಲ. ‘ಹತ್ತು ಇದೆ, ಪರವಾಗಿಲ್ಲ’ ಅನ್ನುವ ಮಾತಿಗೆ ಈ ಹೊತ್ತಿನಲ್ಲಿ ಅರ್ಥ ಇಲ್ಲ. ನೋವು ಕಡಿಮೆಯಾಯಿತು ಅನ್ನುವುದನ್ನೂ ನಂಬುವಂತಿಲ್ಲ. ಬಿಗಿದುಕೊಂಡಿದ್ದ ಟ್ಯೂಬ್ ಒಡೆದ ಕೂಡಲೇ ಸ್ವಲ್ಪ ಹೊತ್ತು ನೋವು ಇಳಿಯುವುದೂ ಉಂಟು.

ಹಾಗಾದರೆ ಒಳಗೆ ರಕ್ತ ಹೋಗುತ್ತಿರುವುದು ಮನೆಯಲ್ಲಿ, ಅಂಗಡಿಯಲ್ಲಿ ಹೇಗೆ ಗೊತ್ತಾಗಬೇಕು? ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಬಚ್ಚಲಲ್ಲಿ ತಲೆ ಸುತ್ತಿ ಬೀಳುವುದು, ತಣ್ಣನೆ ಬೆವರು, ತುಟಿ ಬಿಳಿಚುವುದು. ಇನ್ನೊಂದು ವಿಚಿತ್ರ ಲಕ್ಷಣ ಹೆಗಲ ತುದಿಯ ನೋವು. ಹೊಟ್ಟೆಗೂ ಹೆಗಲಿಗೂ ಏನು ಸಂಬಂಧ ಅನ್ನಿಸಬಹುದು. ಮಲಗಿದಾಗ ಹೊಟ್ಟೆಯೊಳಗಿನ ರಕ್ತ ಮೇಲಕ್ಕೆ ಹರಿದು ಎದೆ, ಹೊಟ್ಟೆ ನಡುವಿನ ವಪೆಯನ್ನು ಮುಟ್ಟುತ್ತದೆ. ವಪೆಯ ನರವೂ ಹೆಗಲಿನ ನರವೂ ಕತ್ತಿನ ಒಂದೇ ಜಾಗದಿಂದ ಬರುವುದರಿಂದ ಮೆದುಳು ಅದನ್ನು ಹೆಗಲ ನೋವು ಅಂತ ತಿಳಿಯುತ್ತದೆ. ಮೂಟೆ ಎತ್ತಿಲ್ಲ, ಪೆಟ್ಟು ಬಿದ್ದಿಲ್ಲ, ಮಲಗಿದರೆ ಹೆಗಲು ನೋಯುತ್ತದೆ, ಜೊತೆಗೆ ಹೊಟ್ಟೆನೋವಿದೆ ಅಂದರೆ ಅದು ಮುಲಾಮು ಹಚ್ಚಿ ಕೂರುವ ನೋವಲ್ಲ.

ಕೆಲವರಿಗೆ ವಾಂತಿ, ಭೇದಿ ಆಗುತ್ತದೆ. ರಕ್ತ ಕೆಳಗೆ ಗುದದ್ವಾರದ ಹತ್ತಿರ ನಿಂತು ಒತ್ತುವುದರಿಂದ ಪದೇ ಪದೇ ಕಕ್ಕಸಿಗೆ ಹೋಗಬೇಕು ಅನ್ನಿಸುತ್ತದೆ. ಇದನ್ನು ಊಟ ಹಿಡಿಸಲಿಲ್ಲ ಅಂತ ತಿಳಿದು ಮನೆಗೆ ಕಳಿಸಿದ್ದರಿಂದ ಜೀವ ಹೋದ ಉದಾಹರಣೆಗಳು ಇಂಗ್ಲೆಂಡ್‌ನಂಥ ದೇಶದ ತಾಯಂದಿರ ಮರಣ ವರದಿಗಳಲ್ಲೂ ದಾಖಲಾಗಿವೆ.

ಸ್ಕ್ಯಾನ್‌ನಲ್ಲಿ ‘ಏನೂ ಇಲ್ಲ’ ಅಂದರೆ

ಗರ್ಭ ಎಲ್ಲಿದೆ ಅಂತ ತೋರಿಸುವುದು ಅಲ್ಟ್ರಾಸೌಂಡ್ ಸ್ಕ್ಯಾನ್. ಈ ದಿನಗಳಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಹೊಟ್ಟೆಯ ಮೇಲಿಂದ ಮಾಡುವುದಕ್ಕಿಂತ ಸ್ಪಷ್ಟ. ಸರಿಯಾಗಿ ನಿಂತ ಬಸಿರಾದರೆ ಐದು, ಐದೂವರೆ ವಾರಕ್ಕೆ ಗರ್ಭಕೋಶದೊಳಗೆ ಸಣ್ಣ ಚೀಲ ಕಾಣಬೇಕು.

ಇಲ್ಲೇ ಜನ ತಪ್ಪು ತಿಳಿಯುವುದು. ‘ಸ್ಕ್ಯಾನ್ ಮಾಡಿಸಿದ್ವಿ, ಏನೂ ಕಾಣಲಿಲ್ಲ ಅಂದ್ರು, ಬಸಿರು ಇಲ್ವಂತೆ’ ಅಂತ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಮೂತ್ರ ಪರೀಕ್ಷೆ ಪಾಸಿಟಿವ್ ಇದ್ದು ಗರ್ಭಕೋಶ ಖಾಲಿ ಅಂದರೆ ಅದು ಸಮಾಧಾನದ ವರದಿ ಅಲ್ಲ. ಇರುವುದು ಮೂರು ಸಾಧ್ಯತೆ: ಬಸಿರು ಇನ್ನೂ ಕಾಣದಷ್ಟು ಎಳೆಯದು, ಗರ್ಭ ಈಗಾಗಲೇ ಜಾರಿಹೋಗಿದೆ, ಇಲ್ಲವೇ ಅದು ಹೊರಗಿದೆ.

ರೋಗಿ ಗಟ್ಟಿಯಾಗಿದ್ದರೆ ಇದನ್ನು ಬಿಡಿಸಲು ಎಚ್‌ಸಿಜಿ ಅನ್ನುವ ಬಸಿರಿನ ಹಾರ್ಮೋನನ್ನು ರಕ್ತದಲ್ಲಿ ಅಳೆಯುತ್ತಾರೆ. 48 ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. ಉದಾಹರಣೆಗೆ ಮೊದಲ ಸಲ 800 ಇದ್ದರೆ, ಸರಿಯಾದ ಬಸಿರಿನಲ್ಲಿ ಎರಡು ದಿನಕ್ಕೆ ಅದು ಕಡೇಪಕ್ಷ 1200ರ ಆಸುಪಾಸಿಗೆ ಏರಬೇಕು, ಸಾಮಾನ್ಯವಾಗಿ ಇನ್ನೂ ಜಾಸ್ತಿ ಏರುತ್ತದೆ. ಗರ್ಭ ಜಾರಿದ್ದರೆ ಸರ್ರನೆ ಇಳಿಯಬೇಕು. 800 ಇದ್ದದ್ದು 900 ಆಗಿ ಕುಂಟುತ್ತಿದ್ದರೆ ಟ್ಯೂಬ್ ಮೇಲೆ ಅನುಮಾನ ಬಲವಾಗುತ್ತದೆ. ಅದಕ್ಕೇ ‘ನಾಡಿದ್ದು ಮತ್ತೆ ಬನ್ನಿ’ ಅಂತ ಹೇಳಿದರೆ ಆ ದಿನಕ್ಕೇ ಹೋಗಬೇಕು. ಮುಂದಿನ ಸಂತೆಗೆ ಬಂದಾಗ ನೋಡಿದರಾಯಿತು ಅನ್ನುವ ವಿಷಯ ಅದಲ್ಲ. ಆ ಎರಡು ದಿನದೊಳಗೆ ನೋವು ಜಾಸ್ತಿಯಾದರೆ, ತಲೆ ಸುತ್ತಿದರೆ ಅವತ್ತೇ ಹೋಗಬೇಕು.

ರೋಗಿ ಬೆವರುತ್ತಾ, ಪಲ್ಸ್ ಓಡುತ್ತಾ ಇದ್ದರೆ ಈ ಲೆಕ್ಕಾಚಾರಕ್ಕೆ ಹೊತ್ತಿಲ್ಲ. ಅಂಥವರನ್ನು ಸ್ಕ್ಯಾನ್ ಸೆಂಟರ್ ಬೆಂಚಿನ ಮೇಲೆ ಪಾಳಿ ಕಾಯಲು ಕೂರಿಸಬಾರದು. ನೇರ ಆಪರೇಷನ್ ಮಾಡುವ ಆಸ್ಪತ್ರೆಗೆ ಹೋಗಬೇಕು.

ಮೆಡಿಕಲ್ ಶಾಪ್‌ನ ಕೌಂಟರ್ ಮೇಲೆ

ತಾಲ್ಲೂಕಿನ ಔಷಧಿ ಅಂಗಡಿಯವರು ತಿಳಿಯಲೇಬೇಕಾದ ಮಾತೊಂದಿದೆ. ಮುಟ್ಟು ತಪ್ಪಿದೆ ಅಂತ ಗರ್ಭಪಾತದ ಮಾತ್ರೆಯ ಪ್ಯಾಕ್ ಕೇಳಿಕೊಂಡು ಬರುವವರು ಇರುತ್ತಾರೆ. ಡಾಕ್ಟರ್ ಚೀಟಿ ಇಲ್ಲದೆ ಅದನ್ನು ಕೊಡುವಂತಿಲ್ಲ ಅನ್ನುವುದು ಕಾನೂನು. ಕಾನೂನಿನ ಹಿಂದೆ ಇರುವ ಕಾರಣಗಳಲ್ಲಿ ಒಂದು ಇದೇ ಟ್ಯೂಬ್ ಗರ್ಭ.

ಆ ಮಾತ್ರೆಗಳು ಕೆಲಸ ಮಾಡುವುದು ಗರ್ಭಕೋಶದ ಮೇಲೆ. ಒಳಪದರವನ್ನು ಸಡಿಲ ಮಾಡಿ, ಗರ್ಭಕೋಶವನ್ನು ಹಿಂಡಿ ಹೊರಹಾಕುತ್ತವೆ. ಟ್ಯೂಬ್‌ನಲ್ಲಿರುವ ಗರ್ಭವನ್ನು ಅವು ತೆಗೆಯುವುದಿಲ್ಲ. ಆದರೆ ಮಾತ್ರೆ ನುಂಗಿದ ಮೇಲೆ ಗರ್ಭಕೋಶದ ಪದರ ಉದುರಿ ರಕ್ತ ಹೋಗಿಯೇ ಹೋಗುತ್ತದೆ. ‘ಸರಿ ಆಯ್ತು, ಕ್ಲೀನ್ ಆಯ್ತು’ ಅಂತ ಅಂದುಕೊಳ್ಳುತ್ತಾರೆ. ವಾರದ ನಂತರ ಹೊಟ್ಟೆನೋವು ಬಂದರೆ ಮಾತ್ರೆಯ ನೋವು ಅಂತ ಸುಮ್ಮನಿರುತ್ತಾರೆ. ಒಳಗೆ ಟ್ಯೂಬ್ ಒಡೆಯುವ ಹಂತಕ್ಕೆ ಬಂದಿರುತ್ತದೆ. ಅದಕ್ಕೇ ಮಾತ್ರೆ ಕೊಡುವ ಮೊದಲು ಗರ್ಭ ಎಲ್ಲಿದೆ ಅಂತ ಡಾಕ್ಟರ್ ನೋಡುವುದು. ಹಾಗೆ ನೋಡದೆ ಈಗಾಗಲೇ ಮಾತ್ರೆ ತೆಗೆದುಕೊಂಡಿದ್ದರೆ, ಮುಚ್ಚಿಡದೆ ಡಾಕ್ಟರ್ ಹತ್ತಿರ ಹೇಳಿದರೆ ಕಾಯಿಲೆ ಬೇಗ ಸಿಗುತ್ತದೆ.

ಎರಡು ಮೂರು ದಿನದಿಂದ ಹೊಟ್ಟೆನೋವು ಅಂತ ಗ್ಯಾಸ್ಟ್ರಿಕ್ ಮಾತ್ರೆ, ನೋವಿನ ಮಾತ್ರೆ ಕೇಳುವ ಹೆಂಗಸರಿಗೆ ‘ಡೇಟ್ ಏನಾದ್ರೂ ಮುಂದೆ ಹೋಗಿದೆಯಾ ಅಕ್ಕಾ? ಹೋಗಿದ್ರೆ ಡಾಕ್ಟರ್‌ಗೆ ತೋರಿಸಿ’ ಅಂತ ಮೆಲ್ಲಗೆ ಹೇಳುವುದಕ್ಕೆ ಅಂಗಡಿಯವರಿಗೆ ಖರ್ಚೇನೂ ಇಲ್ಲ.

ಆ ದಿನ ಮುಂದೆ ನಡೆದದ್ದು

ಎರಡು ಗೆರೆ ಕಂಡ ಮೇಲೆ ಡಾಕ್ಟರ್ ಮೊದಲು ಮಾಡಿದ್ದು ತಾಲ್ಲೂಕು ಆಸ್ಪತ್ರೆಗೆ ಫೋನ್. ಕೇಳಿದ್ದು ಮೂರೇ ಮಾತು: ಸ್ತ್ರೀರೋಗ ತಜ್ಞರು ಇದ್ದಾರಾ, ಅರಿವಳಿಕೆ ಡಾಕ್ಟರ್ ಇದ್ದಾರಾ, ರಕ್ತ ಸಿಗುತ್ತಾ? ಮೂರಕ್ಕೂ ಹೌದು ಅಂದರು. ಒಂದಕ್ಕೆ ಇಲ್ಲ ಅಂದಿದ್ದರೂ ನೇರ ಜಿಲ್ಲಾಸ್ಪತ್ರೆಗೆ ಕಳಿಸುತ್ತಿದ್ದರು. ಮೊದಲು ಒಂದು ಕಡೆ ಹೋಗಿ, ಅಲ್ಲಿಂದ ಇನ್ನೊಂದು ಕಡೆಗೆ ಕಳಿಸುವುದರಲ್ಲೇ ಇಂಥ ರೋಗಿಗಳ ಹೊತ್ತು ಕಳೆದುಹೋಗುತ್ತದೆ.

ಕೈಗೆ ದಪ್ಪ ಸೂಜಿಯ ಡ್ರಿಪ್ ಹಾಕಿ, ಬಾಯಿಗೆ ಏನೂ ಕೊಡಬೇಡಿ ಅಂತ ಹೇಳಿ 108 ಆಂಬುಲೆನ್ಸ್‌ನಲ್ಲಿ ಕಳಿಸಿದರು. ಆಸ್ಪತ್ರೆ ತಲುಪುವಾಗ ಪಲ್ಸ್ 124, ಬಿಪಿ 96/60. ಸ್ಕ್ಯಾನ್ ಮಾಡಲು ಹಿಡಿದದ್ದು ಎರಡು ನಿಮಿಷ: ಗರ್ಭಕೋಶ ಖಾಲಿ, ಬಲಗಡೆ ಅಂಡಾಶಯದ ಪಕ್ಕ ಗಡ್ಡೆಯಂಥದ್ದು, ಹೊಟ್ಟೆ ತುಂಬಾ ದ್ರವ. ರಕ್ತದ ಗುಂಪು ನೋಡಲು ಕೊಟ್ಟು ನೇರ ಆಪರೇಷನ್ ಕೋಣೆಗೆ. ಹೊಟ್ಟೆಯೊಳಗೆ ಸುಮಾರು ಒಂದು ಲೀಟರ್ ರಕ್ತ ಇತ್ತು. ಒಡೆದಿದ್ದ ಬಲ ಟ್ಯೂಬ್ ತೆಗೆದರು. ಎರಡು ಯೂನಿಟ್ ರಕ್ತ ಕೊಟ್ಟರು. ಐದನೇ ದಿನ ಮನೆಗೆ ಹೋದರು. ಕ್ಲಿನಿಕ್ ಬಾಗಿಲಿನಿಂದ ಆಪರೇಷನ್ ಶುರುವಾಗುವವರೆಗೆ ಹಿಡಿದದ್ದು ಎರಡು ಗಂಟೆ.

ಬೇಗ ಗೊತ್ತಾದರೆ ದಾರಿ ಬೇರೆ

ಟ್ಯೂಬ್ ಒಡೆಯುವ ಮೊದಲೇ ಗೊತ್ತಾಗಿದ್ದರೆ ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಗರ್ಭ ಚಿಕ್ಕದಿದ್ದು, ಎಚ್‌ಸಿಜಿ ಕಡಿಮೆ ಇದ್ದು, ರಕ್ತಸ್ರಾವ ಇಲ್ಲದಿದ್ದರೆ ಮೆಥೋಟ್ರೆಕ್ಸೇಟ್ ಅನ್ನುವ ಇಂಜೆಕ್ಷನ್ ಕೊಟ್ಟು ಗರ್ಭದ ಬೆಳವಣಿಗೆ ನಿಲ್ಲಿಸುತ್ತಾರೆ. ನಾಲ್ಕನೇ ದಿನ, ಏಳನೇ ದಿನ ರಕ್ತ ಪರೀಕ್ಷೆಗೆ ಬರಬೇಕು, ಆಮೇಲೆ ಹಾರ್ಮೋನ್ ಪೂರ್ತಿ ಇಳಿಯುವವರೆಗೆ ವಾರ ವಾರ ಬರಬೇಕು. ಈ ಅವಧಿಯಲ್ಲೂ ಟ್ಯೂಬ್ ಒಡೆಯಬಹುದು, ಹಾಗಾಗಿ ಆಸ್ಪತ್ರೆ ದೂರ ಇರುವವರಿಗೆ, ಮತ್ತೆ ಮತ್ತೆ ಬರಲಾಗದವರಿಗೆ ಇದು ಸರಿಹೋಗುವುದಿಲ್ಲ. ಇಂಜೆಕ್ಷನ್ ನಂತರ ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಬೇಕು, ಕಡೇಪಕ್ಷ ಮೂರು ತಿಂಗಳು ಬಸಿರಾಗಬಾರದು.

‘ಟ್ಯೂಬ್‌ನಿಂದ ತೆಗೆದು ಗರ್ಭಕೋಶದೊಳಗೆ ಇಡೋಕಾಗಲ್ವಾ?’ ಅಂತ ಮನೆಯವರು ಕೇಳುವುದುಂಟು. ಆಗುವುದಿಲ್ಲ. ಟ್ಯೂಬ್‌ನಲ್ಲಿ ನಿಂತ ಗರ್ಭ ಮಗುವಾಗಿ ಹುಟ್ಟಲಾರದು, ಉಳಿಸಬೇಕಾದದ್ದು ತಾಯಿಯನ್ನು. ಮಗು ಬೇಕು ಅನ್ನುವವರಿಗೆ ಇನ್ನೊಂದು ಟ್ಯೂಬ್ ಚೆನ್ನಾಗಿದ್ದರೆ ಮತ್ತೆ ಬಸಿರಾಗಲು ಸಾಧ್ಯ ಇದೆ. ಆದರೆ ಒಮ್ಮೆ ಹೀಗಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಆಗಬಹುದು. ಆದ್ದರಿಂದ ಮುಂದಿನ ಸಲ ಮುಟ್ಟು ತಪ್ಪಿದ ಕೂಡಲೇ ಹೇಳಿಕೊಂಡು, ಆರನೇ ವಾರದ ಹೊತ್ತಿಗೆ ಸ್ಕ್ಯಾನ್ ಮಾಡಿಸಬೇಕು. ರಕ್ತದ ಗುಂಪು ನೆಗೆಟಿವ್ ಇದ್ದವರು ಆಂಟಿ-ಡಿ ಇಂಜೆಕ್ಷನ್ ಬೇಕೇ ಅಂತ ಡಾಕ್ಟರನ್ನು ಕೇಳಿ ತಿಳಿಯಬೇಕು.

ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ನೆನಪಿಡಬೇಕಾದದ್ದು ಇಷ್ಟೇ. ಹೆರುವ ವಯಸ್ಸಿನವರಿಗೆ ಮುಟ್ಟು ತಡವಾಗಿ ಅಥವಾ ಎಂದಿನಂತಿಲ್ಲದೆ ಕೆಳಹೊಟ್ಟೆ ನೋವು ಬಂದರೆ, ಆಪರೇಷನ್ ಆಗಿದ್ದರೂ, ಕಾಪರ್-ಟಿ ಇದ್ದರೂ, ಅವತ್ತೇ ಮೂತ್ರ ಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದು ನೋವಿದ್ದರೆ ಅವತ್ತೇ ಡಾಕ್ಟರ್‌ಗೆ ತೋರಿಸಿ. ತಲೆಸುತ್ತು, ತಣ್ಣನೆ ಬೆವರು, ಹೆಗಲ ನೋವು ಜೊತೆಗಿದ್ದರೆ ಪರೀಕ್ಷೆಗೂ ಕಾಯದೆ 108ಕ್ಕೆ ಫೋನ್ ಮಾಡಿ. ಬೈಕ್ ಹಿಂದೆ ಕೂರಿಸಿಕೊಂಡು ಹೋಗಬೇಡಿ, ದಾರಿಯಲ್ಲೇ ತಲೆ ಸುತ್ತಿ ಬೀಳಬಹುದು. ಡಾಕ್ಟರ್ ಎದುರು ಕೂತಾಗ ಅವರು ಕೇಳದಿದ್ದರೂ ಕೊನೆಯ ಸರಿಯಾದ ಮುಟ್ಟಿನ ತಾರೀಖನ್ನು ನೀವೇ ಮೊದಲು ಹೇಳಿ.